ಉಗುರುಸುತ್ತು ಮತ್ತು ಒಳಗೆ ನಾಟಿದ ಉಗುರು: ಒಂದೇ ಮನೆಯ ಎರಡು ನೋವು

(ಗಂಗಾವತಿಯಲ್ಲಿ ಆಶಾ ಕಾರ್ಯಕರ್ತೆಯರು ಮತ್ತು ಕೃಷಿಕ ಮಹಿಳೆಯರ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು, ಗಂಗಾವತಿ, ಕಾರಟಗಿ, ಸಿಂಧನೂರಿನ ಗದ್ದೆಗಳಲ್ಲಿ ನಾಟಿ ಶುರುವಾದ ಎರಡನೇ ವಾರದಿಂದ ನನ್ನ ಚಿಕಿತ್ಸಾ ಕೋಣೆಗೆ ಬೆರಳು ಹಿಡಿದುಕೊಂಡು ಬರುವವರ ಸಂಖ್ಯೆ ಹೆಚ್ಚಾಗುತ್ತದೆ. ಬಹುತೇಕರು ಹೆಣ್ಣುಮಕ್ಕಳು. ಅವರು ಹೇಳುವ ಹೆಸರು ಒಂದೇ, ಉಗುರುಸುತ್ತು. ವೈದ್ಯರು ಇದನ್ನು ಪ್ಯಾರೊನಿಕಿಯಾ ಎನ್ನುತ್ತಾರೆ. ಆದರೆ ಉಗುರುಸುತ್ತು ಎಂಬ ಅದೇ ಹೆಸರಿನಲ್ಲಿ ಕಾಲಿನ ಹೆಬ್ಬೆರಳು ಊದಿಕೊಂಡವರೂ ಬರುತ್ತಾರೆ, ಅವರಲ್ಲಿ ಹೆಚ್ಚಿನವರದು ಉಗುರುಸುತ್ತು ಅಲ್ಲ, ಉಗುರೇ ಪಕ್ಕದ ಮಾಂಸದೊಳಗೆ ನಾಟಿಕೊಂಡಿರುವುದು. ನೋಡಲು ಎರಡೂ ಒಂದೇ ತೆರನಾಗಿ ಕೆಂಪಗೆ ಊದಿ ಕೀವು ತುಂಬಿದಂತೆ ಇರುತ್ತವೆ, ಆದರೆ ಒಂದಕ್ಕೆ ಮಾಡುವ ಚಿಕಿತ್ಸೆಯನ್ನು ಇನ್ನೊಂದಕ್ಕೆ ಮಾಡಿದರೆ ನೋವು ತಿಂಗಳುಗಟ್ಟಲೆ ಹೋಗುವುದಿಲ್ಲ. ಇವೆರಡನ್ನು ಬೇರೆಬೇರೆಯಾಗಿ ಗುರುತಿಸುವುದು ಹೇಗೆ ಎಂಬುದನ್ನು ಒಂದೇ ಮನೆಯ ಇಬ್ಬರ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ಗುರುತು ಸಿಗಬಾರದೆಂದು ಊರು ಮತ್ತು ಹೆಸರು ಹೇಳುವುದಿಲ್ಲ.

ತಾಯಿಗೆ ಸುಮಾರು 36 ವರ್ಷ, ಮಗನಿಗೆ 16. ಇಬ್ಬರೂ ಒಂದೇ ದಿನ ಒಂದೇ ಆಟೊದಲ್ಲಿ ಬಂದಿದ್ದರು. ತಾಯಿಯ ಬಲಗೈ ತೋರುಬೆರಳು ಊದಿತ್ತು, ಮಗನ ಬಲಗಾಲಿನ ಹೆಬ್ಬೆರಳಿನ ಹೊರಬದಿ ಊದಿ ಸೋರುತ್ತಿತ್ತು. ಕುಳಿತುಕೊಳ್ಳುವ ಮೊದಲೇ ತಾಯಿ ಹೇಳಿದ ಮಾತು ನನಗೆ ಈಗಲೂ ನೆನಪಿದೆ. “ನಂದೂ ಇವಂದೂ ಒಂದೇ ಬ್ಯಾನಿ ರೀ ಸರ್, ಇಬ್ಬರಿಗೂ ಒಂದೇ ಗುಳಿಗಿ ಬರದು ಕೊಡ್ರೀ” ಎಂದರು. ಊರಿನಲ್ಲಿ ಯಾರೋ ಕೊಟ್ಟಿದ್ದ ಒಂದೇ ಜಾತಿಯ ಆಂಟಿಬಯೋಟಿಕ್ ಮಾತ್ರೆಯ ಎರಡು ಹಾಳೆಗಳು ಅವರ ಚೀಲದಲ್ಲಿ ಇದ್ದವು.

ಈಗ ಉಗುರಿನ ರಚನೆಯನ್ನು ಸ್ವಲ್ಪ ನೋಡೋಣ, ಏಕೆಂದರೆ ಮುಂದಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ. ನಿಮ್ಮ ಒಂದು ಬೆರಳನ್ನು ಮುಂದೆ ಹಿಡಿದು ನೋಡಿಕೊಳ್ಳಿ. ಉಗುರು ಒಂದು ಗದ್ದೆಯ ಮಡಿ ಎಂದುಕೊಂಡರೆ ಅದಕ್ಕೆ ಮೂರು ಕಡೆ ಚರ್ಮದ ಬದು ಇದೆ: ಎಡಕ್ಕೊಂದು, ಬಲಕ್ಕೊಂದು, ಹಿಂದೆ ಉಗುರಿನ ಬುಡದಲ್ಲಿ ಒಂದು. ಮಡಿ ಮತ್ತು ಬದು ಕೂಡುವ ಜಾಗದಲ್ಲಿ ಸಣ್ಣ ಸಂದು ಇರುತ್ತದೆ. ಆ ಸಂದಿಯೊಳಗೆ ನೀರು, ಮಣ್ಣು, ರೋಗಾಣು ಇಳಿಯದಂತೆ ಬುಡದ ಬದುವಿನಿಂದ ಉಗುರಿನ ಮೇಲಕ್ಕೆ ತೆಳುವಾದ ಒಂದು ಪೊರೆ ಅಂಟಿಕೊಂಡಿರುತ್ತದೆ. ಇದನ್ನು ಕ್ಯುಟಿಕಲ್ ಎನ್ನುತ್ತಾರೆ. ಕೆಲವರು ಅದನ್ನು ಕೊಳೆ ಎಂದು ತಿಳಿದು ಉಜ್ಜಿ ತೆಗೆಯುತ್ತಾರೆ, ಪಟ್ಟಣದ ಬ್ಯೂಟಿ ಪಾರ್ಲರ್‌ಗಳಲ್ಲಿ ಅದನ್ನು ಹಿಂದಕ್ಕೆ ತಳ್ಳಿ ಕತ್ತರಿಸುವುದೂ ಉಂಟು. ಅದು ಕೊಳೆಯಲ್ಲ, ಸಂದಿಗೆ ಹಾಕಿದ ಮುಚ್ಚಳ. ಉಗುರುಸುತ್ತು ಶುರುವಾಗುವುದು ಈ ಮುಚ್ಚಳ ಕಿತ್ತುಹೋದಾಗ, ಅಥವಾ ಬದುವಿನ ಚರ್ಮದಲ್ಲಿ ಗಾಯವಾದಾಗ.

ತಾಯಿಯ ಬೆರಳಿಗೆ ಆದದ್ದೂ ಅದೇ. ನಾಟಿಯ ಕೆಲಸದಲ್ಲಿ ದಿನಕ್ಕೆ ಏಳೆಂಟು ಗಂಟೆ ಕೈ ಕೆಸರಿನಲ್ಲಿ ನೆನೆದು ಚರ್ಮ ಮೆತ್ತಗಾಗಿತ್ತು. ಉಗುರಿನ ಪಕ್ಕದಲ್ಲಿ ಚರ್ಮದ ಒಂದು ಎಳೆ ಸಿಬಿರಿನಂತೆ ಎದ್ದಿತ್ತು. ಸಸಿ ಊರುವಾಗ ಅದು ತಾಗಿ ತಾಗಿ ಉರಿಯುತ್ತಿದ್ದುದರಿಂದ ಹಲ್ಲಿನಿಂದ ಕಚ್ಚಿ ಎಳೆದುಬಿಟ್ಟಿದ್ದರು. ಎಳೆದದ್ದು ಸೋಮವಾರ. ಬುಧವಾರ ಸಂಜೆಗೆ ಉಗುರಿನ ಒಂದು ಪಕ್ಕ ಕೆಂಪಾಗಿ ಬಿಸಿಯಾಯಿತು, ಗುರುವಾರ ರಾತ್ರಿ ನಿದ್ದೆ ಬರಲಿಲ್ಲ. “ಕೈ ಕೆಳಗ ಬಿಟ್ರ ಟಪ್ ಟಪ್ ಅಂತ ಬಡೀತೈತ್ರೀ, ಎತ್ತಿ ಹಿಡಕೊಂಡ ಕುಂತಿದ್ದೆ” ಎಂದರು. ಗಾಯವಾದ ಎರಡರಿಂದ ಐದು ದಿನಗಳೊಳಗೆ ಹೀಗೆ ಏಕಾಏಕಿ ಏರುವ, ನಾಡಿ ಬಡಿದಂತೆ ಬಡಿಯುವ, ಕೈ ಇಳಿಬಿಟ್ಟರೆ ಹೆಚ್ಚಾಗುವ ನೋವು ತೀವ್ರ ಉಗುರುಸುತ್ತಿನ ಸ್ವಭಾವ. ಸಾಮಾನ್ಯವಾಗಿ ಒಂದೇ ಬೆರಳಿಗೆ ಬರುತ್ತದೆ. ಇದಕ್ಕೆ ಬಹಳಷ್ಟು ಸಲ ಕಾರಣ ನಮ್ಮ ಚರ್ಮದ ಮೇಲೆಯೇ ವಾಸಿಸುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಉಗುರು ಕಚ್ಚುವವರಲ್ಲಿ, ಬೆರಳು ಚೀಪುವ ಮಕ್ಕಳಲ್ಲಿ, ಈ ತಾಯಿಯಂತೆ ಹಲ್ಲಿನಿಂದ ಚರ್ಮ ಎಳೆದವರಲ್ಲಿ ಬಾಯಿಯ ಬ್ಯಾಕ್ಟೀರಿಯಾಗಳೂ ಅದರ ಜೊತೆ ಸೇರುತ್ತವೆ.

ಅವರ ಬೆರಳಿನಲ್ಲಿ ನಾನು ಮೊದಲು ಹುಡುಕಿದ್ದು ಒಂದೇ ಸಂಗತಿ: ಕೀವು ಒಂದು ಕಡೆ ಕೂಡಿದೆಯೋ, ಅಥವಾ ಇನ್ನೂ ಬರಿಯ ಊತವೋ? ಇಡೀ ಚಿಕಿತ್ಸೆ ಈ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ತಿರುಗುತ್ತದೆ. ಕೀವು ಚರ್ಮದಡಿಯಲ್ಲಿ ಹಳದಿಯಾಗಿ ಕಂಡರೆ ಸಂದೇಹವೇ ಇಲ್ಲ. ಕಾಣದಿದ್ದಾಗ ಒಂದು ಸುಲಭ ಪರೀಕ್ಷೆ ಇದೆ. ನೊಂದ ಬೆರಳಿನ ಒಳಭಾಗವನ್ನು, ಅಂದರೆ ಹೆಬ್ಬೆಟ್ಟು ಒತ್ತುವ ಮೆತ್ತನೆಯ ಭಾಗವನ್ನು, ಕೆಳಗಿನಿಂದ ಹಗುರವಾಗಿ ಒತ್ತಬೇಕು. ಆಗ ಮೇಲೆ ಊದಿದ ಚರ್ಮ ಬಿಗಿಯಾಗಿ, ಕೀವು ಇರುವಷ್ಟು ಜಾಗ ಮಾತ್ರ ಬಿಳಿಚಿಕೊಂಡು ಎದ್ದು ಕಾಣುತ್ತದೆ. ಈ ತಾಯಿಯ ಬೆರಳಿನಲ್ಲಿ ಉಗುರಿನ ಬುಡದ ಮೂಲೆಯಲ್ಲಿ ಒಂದು ಜೋಳದ ಕಾಳಿನಷ್ಟು ಜಾಗ ಹಾಗೆ ಬಿಳಿಚಿಕೊಂಡಿತು.

ಕೀವು ಕೂಡುವ ಮೊದಲು ಬಂದಿದ್ದರೆ ನಾನು ಬ್ಲೇಡು ಮುಟ್ಟುತ್ತಿರಲಿಲ್ಲ. ಕೈಗೆ ಹಿತವಾಗುವಷ್ಟು ಬಿಸಿ ಇರುವ ನೀರಿನಲ್ಲಿ ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲ 10ರಿಂದ 15 ನಿಮಿಷ ಬೆರಳು ಇಟ್ಟು, ಆಮೇಲೆ ಚೆನ್ನಾಗಿ ಒರೆಸಿ ಒಣಗಿಸಿ, ಮ್ಯುಪಿರೋಸಿನ್‌ನಂತಹ ಆಂಟಿಬಯೋಟಿಕ್ ಮುಲಾಮು ಹಚ್ಚಿದರೆ ಆರಂಭದ ಹಂತದ ಉಗುರುಸುತ್ತು ಎಷ್ಟೋ ಸಲ ಅಲ್ಲಿಗೇ ಇಳಿಯುತ್ತದೆ. ಒರೆಸಿ ಒಣಗಿಸುವ ಭಾಗವನ್ನು ಜನ ಮರೆಯುತ್ತಾರೆ. ಬಿಸಿನೀರಿನಿಂದ ತೆಗೆದ ಬೆರಳನ್ನು ಹಾಗೆಯೇ ಬಟ್ಟೆಯಲ್ಲಿ ಸುತ್ತಿಡುತ್ತಾರೆ, ಚರ್ಮ ಮತ್ತಷ್ಟು ಮೆತ್ತಗಾಗುತ್ತದೆ.

ಕೀವು ಕೂಡಿದ ಮೇಲೆ ಮಾತ್ರ ಅದನ್ನು ಹೊರಗೆ ಬಿಡಲೇಬೇಕು. ಅಲ್ಲಿಗೆ ಮಾತ್ರೆಯ ಔಷಧ ಸರಿಯಾಗಿ ತಲುಪುವುದಿಲ್ಲ, ಏಕೆಂದರೆ ಔಷಧ ರಕ್ತದ ಜೊತೆ ಹೋಗುತ್ತದೆ, ಕೀವು ತುಂಬಿದ ಚೀಲದೊಳಗೆ ರಕ್ತನಾಳಗಳಿಲ್ಲ. ಇದನ್ನು ಕೇಳಿದ ಆ ತಾಯಿ ಗಾಬರಿಯಾದರು, ಬೆರಳು ಕೊಯ್ಯುತ್ತಾರೆಂದುಕೊಂಡರು. ನಿಜಕ್ಕೂ ಕೊಯ್ಯುವುದು ಬಹಳ ಕಡಿಮೆ. ಬೆರಳಿನ ಬುಡದಲ್ಲಿ ಎರಡೂ ಪಕ್ಕಕ್ಕೆ ಲಿಗ್ನೊಕೇನ್ ಚುಚ್ಚುಮದ್ದು ಕೊಟ್ಟು, ಸುಮಾರು 10 ನಿಮಿಷ ಕಾದು, ಬೆರಳು ಜೋಮು ಹಿಡಿದ ಮೇಲೆ ತೆಳುವಾದ ಉಪಕರಣದ ತುದಿಯನ್ನು ಉಗುರಿನ ಮೇಲೆ ಮಲಗಿಸಿದಂತೆ ಚಪ್ಪಟೆಯಾಗಿ ಹಿಡಿದು, ಉಗುರು ಮತ್ತು ಬದುವಿನ ನಡುವಿನ ಸಂದಿಯೊಳಗೆ ಮೆಲ್ಲನೆ ಜಾರಿಸಿದೆ. ಸಂದು ತೆರೆಯಿತು, ನಾಲ್ಕೈದು ಹನಿ ದಪ್ಪ ಕೀವು ಹೊರಬಂತು. ಚರ್ಮದ ಮೇಲೆ ಹೊಸ ಗಾಯ ಮಾಡಲೇ ಇಲ್ಲ, ರೋಗಾಣು ಒಳಗೆ ಹೋದ ದಾರಿಯನ್ನೇ ತೆರೆದದ್ದು ಅಷ್ಟೆ. ಉಪಕರಣದ ತುದಿ ಕೆಳಮುಖವಾಗಿ ಉಗುರಿನ ಬೇರಿಗೆ ತಾಗಿದರೆ ಮುಂದೆ ಉಗುರು ಸೀಳಿಕೊಂಡು ಬೆಳೆಯುವ ಅಪಾಯವಿದೆ, ಆದ್ದರಿಂದಲೇ ಅದನ್ನು ಚಪ್ಪಟೆಯಾಗಿ ಹಿಡಿಯುವುದು. ಲವಣದ ನೀರಿನಿಂದ ತೊಳೆದು, ಸಂದು ತಕ್ಷಣ ಮುಚ್ಚಿಕೊಳ್ಳದಂತೆ ಸಣ್ಣ ಗಾಜ್ ಬತ್ತಿಯನ್ನು ಒಂದು ದಿನದ ಮಟ್ಟಿಗೆ ಇಟ್ಟೆ.

ಮಾತ್ರೆಯ ವಿಷಯ ಬಂದಾಗ ಅವರಿಗೆ ಇನ್ನೊಂದು ಆಶ್ಚರ್ಯ ಕಾದಿತ್ತು. ಹೊಸ ಆಂಟಿಬಯೋಟಿಕ್ ಬರೆದುಕೊಡಲಿಲ್ಲ. ಕೀವು ಪೂರ್ತಿ ಹೊರಬಂದಿದ್ದರೆ, ಕೆಂಪು ಬೆರಳಿನ ತುದಿಯನ್ನು ಬಿಟ್ಟು ಮೇಲಕ್ಕೆ ಹರಡದಿದ್ದರೆ, ಜ್ವರ ಇಲ್ಲದಿದ್ದರೆ, ಸಕ್ಕರೆ ಕಾಯಿಲೆಯಂತಹ ದೇಹದ ಶಕ್ತಿ ಕುಗ್ಗಿಸುವ ರೋಗ ಇಲ್ಲದಿದ್ದರೆ, ಸಾಮಾನ್ಯವಾಗಿ ಆಂಟಿಬಯೋಟಿಕ್ ಮಾತ್ರೆ ಬೇಕಾಗುವುದಿಲ್ಲ. ರಕ್ತದ ಸಕ್ಕರೆ ಪರೀಕ್ಷಿಸಿದೆ, ಸರಿಯಾಗಿತ್ತು. ಟಿಟಿ ಚುಚ್ಚುಮದ್ದಿನ ಅವಧಿ ಮೀರಿತ್ತು, ಅದನ್ನು ಕೊಡಿಸಿದೆ. ಮರುದಿನ ಬತ್ತಿ ತೆಗೆದ ಮೇಲೆ ಬಿಸಿನೀರಿನ ಉಪಚಾರ ಮುಂದುವರಿಸಲು ಹೇಳಿದೆ. ಐದನೇ ದಿನಕ್ಕೆ ಬೆರಳು ಮಡಚಿ ತೋರಿಸಿದರು.

ಇಲ್ಲಿ ನಿಂಬೆಹಣ್ಣಿನ ಮಾತು ಹೇಳಲೇಬೇಕು, ಅದನ್ನು ಬಿಟ್ಟು ಉಗುರುಸುತ್ತಿನ ಬಗ್ಗೆ ನಮ್ಮ ಕಡೆ ಮಾತನಾಡಲು ಆಗುವುದಿಲ್ಲ. ಈ ತಾಯಿಯೂ ಎರಡು ರಾತ್ರಿ ನಿಂಬೆಹಣ್ಣಿಗೆ ತೂತು ಮಾಡಿ, ಒಳಗೆ ಅರಿಶಿನ ಹಾಕಿ, ಬೆರಳಿಗೆ ಟೊಪ್ಪಿಗೆಯಂತೆ ಸಿಕ್ಕಿಸಿಕೊಂಡಿದ್ದರು. ಅದರಿಂದ ತಂಪೆನಿಸುವುದು ಸುಳ್ಳಲ್ಲ, ಬೆರಳಿಗೆ ಏನೂ ತಾಗದಂತೆ ಕಾಯುವುದೂ ನಿಜ, ಕೆಲವೊಮ್ಮೆ ನೆನೆದು ಮೆತ್ತಗಾದ ಚರ್ಮ ತಾನೇ ಒಡೆದು ಕೀವು ಸೋರಿ ನೋವು ಇಳಿದದ್ದನ್ನು ಹಿರಿಯರು ಕಂಡಿರುತ್ತಾರೆ. ಅವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಿಂಬೆಯ ಹುಳಿ ಗಾಯವಾದ ಚರ್ಮವನ್ನು ಕೆರಳಿಸುತ್ತದೆ, ರಾತ್ರಿಯಿಡೀ ನೆನೆದ ಪೊರೆ ಉಗುರನ್ನು ಬಿಟ್ಟು ಏಳುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಒಳಗೆ ಏನು ನಡೆಯುತ್ತಿದೆ ಎಂಬುದು ಎರಡು ದಿನ ಕಣ್ಣಿಗೆ ಕಾಣದಂತೆ ಮುಚ್ಚಿಹೋಗುತ್ತದೆ. ನಿಂಬೆಯ ಜೊತೆ ಸುಣ್ಣ ಸೇರಿಸುವವರೂ ಇದ್ದಾರೆ, ಅದರಿಂದ ಚರ್ಮ ಸುಟ್ಟು ಬಂದವರನ್ನು ನೋಡಿದ್ದೇನೆ. ಸುಣ್ಣವನ್ನಂತೂ ಹಚ್ಚಲೇಬೇಡಿ.

ಈಗ ಮಗನ ಕಾಲಿಗೆ ಬರೋಣ.

ಅವನ ಕಥೆ ಐದು ದಿನದ್ದಲ್ಲ, ನಾಲ್ಕು ತಿಂಗಳದ್ದು. ರಾತ್ರಿ ಬಡಿಯುವ ನೋವು ಅವನಿಗೆ ಇರಲಿಲ್ಲ. ಬೂಟು ಹಾಕಿದಾಗ, ಕಬಡ್ಡಿ ಆಡುವಾಗ, ಯಾರಾದರೂ ಕಾಲು ತುಳಿದಾಗ ಪ್ರಾಣ ಹೋದಂತಾಗುತ್ತಿತ್ತು. ಬರಿಗಾಲಿನಲ್ಲಿ ಕುಳಿತರೆ ಅಷ್ಟೇನೂ ಇರುತ್ತಿರಲಿಲ್ಲ. ಮಾತ್ರೆ ನುಂಗಿದ ಒಂದು ವಾರ ಸೋರುವುದು ಕಡಿಮೆಯಾಗುತ್ತಿತ್ತು, ನಿಲ್ಲಿಸಿದ ಹತ್ತು ದಿನಕ್ಕೆ ಮತ್ತೆ ಅದೇ ಸ್ಥಿತಿ. ಹೀಗೆ ಮೂರು ಸಲ ಆಗಿತ್ತು. ಊತ ಉಗುರಿನ ಬುಡದಲ್ಲಿ ಇರಲಿಲ್ಲ, ಹೆಬ್ಬೆರಳಿನ ಹೊರಪಕ್ಕದ ಬದುವಿನಲ್ಲಿ, ಉಗುರಿನ ಮುಂದಿನ ಮೂಲೆಯ ಹತ್ತಿರ ಮಾತ್ರ ಇತ್ತು. ಅಲ್ಲಿ ಕೆಂಪಗೆ ತೇವವಾಗಿ, ಮುಟ್ಟಿದರೆ ರಕ್ತ ಜಿನುಗುವ ದುರ್ಮಾಂಸ ಬೆಳೆದು ಉಗುರಿನ ಅಂಚನ್ನು ಮುಚ್ಚಿತ್ತು.

ಉಗುರು ಹೇಗೆ ಕತ್ತರಿಸಿಕೊಳ್ಳುತ್ತೀಯ ಎಂದು ಕೇಳಿದೆ. ಮೂಲೆ ಚುಚ್ಚುತ್ತದೆ ಎಂದು ಬ್ಲೇಡಿನಿಂದ ಮೂಲೆಯನ್ನು ಆಳವಾಗಿ, ಓರೆಯಾಗಿ ಕತ್ತರಿಸಿ ತೆಗೆಯುತ್ತಿದ್ದೆ ಎಂದ. ಇದೇ ಈ ರೋಗದ ಮೂಲ. ಓರೆಯಾಗಿ ಕತ್ತರಿಸುವಾಗ ಬದುವಿನ ಆಳದಲ್ಲಿರುವ ಉಗುರಿನ ಕೊನೆಯ ಅಂಚಿಗೆ ಬ್ಲೇಡು ತಲುಪುವುದಿಲ್ಲ, ಅಲ್ಲಿ ಮುಳ್ಳಿನಂತಹ ಒಂದು ಚೂಪು ಉಳಿದುಬಿಡುತ್ತದೆ. ಉಗುರು ಮುಂದಕ್ಕೆ ಬೆಳೆದಂತೆ ಆ ಮುಳ್ಳು ಪಕ್ಕದ ಮಾಂಸದೊಳಗೆ ನಾಟುತ್ತಾ ಹೋಗುತ್ತದೆ. ಮೂಲೆ ಕತ್ತರಿಸಿದ ಜಾಗ ಖಾಲಿಯಾಗಿರುವುದರಿಂದ ಮಾಂಸವೂ ಅದರ ಮೇಲೆ ಎದ್ದು ಬರುತ್ತದೆ. ಬಿಗಿಯಾದ ಬೂಟು ಮಾಂಸವನ್ನು ಉಗುರಿನ ಕಡೆಗೆ ಒತ್ತುತ್ತದೆ, ಬೆವರು ಚರ್ಮವನ್ನು ಮೆತ್ತಗೆ ಮಾಡುತ್ತದೆ. ಹದಿಹರೆಯದ ಹುಡುಗರಲ್ಲಿ ಇದು ಹೆಚ್ಚು. ಸಂಡೂರು ಕಡೆಯ ಗಣಿಗಳಲ್ಲಿ ದಿನವಿಡೀ ಗಟ್ಟಿ ತುದಿಯ ಬೂಟು ಹಾಕಿಕೊಂಡು ದುಡಿಯುವವರಲ್ಲೂ ನೋಡುತ್ತೇವೆ.

ಇಲ್ಲಿಗೆ ಎರಡರ ನಡುವಿನ ಮುಖ್ಯ ವ್ಯತ್ಯಾಸ ತಿಳಿಯಿತು ಎಂದುಕೊಳ್ಳುತ್ತೇನೆ. ತಾಯಿಯ ಬೆರಳಿನಲ್ಲಿ ತಪ್ಪು ಇದ್ದದ್ದು ಚರ್ಮದಲ್ಲಿ. ಬದುವಿನ ಗಾಯದ ಮೂಲಕ ರೋಗಾಣು ಒಳಹೊಕ್ಕಿತು, ಉಗುರು ಏನೂ ಮಾಡಿರಲಿಲ್ಲ. ಮಗನ ಕಾಲಿನಲ್ಲಿ ತಪ್ಪು ಉಗುರಿನದೇ. ಅದು ಮೊದಲು ಮಾಂಸವನ್ನು ಚುಚ್ಚಿತು, ರೋಗಾಣು ಆಮೇಲೆ ಬಂದು ಸೇರಿಕೊಂಡಿತು. ಅಂಗಾಲಿಗೆ ಜಾಲಿಮುಳ್ಳು ನಾಟಿದಾಗ ಮುಳ್ಳನ್ನು ಒಳಗೇ ಬಿಟ್ಟು ಮುಲಾಮು ಹಚ್ಚಿದರೆ ಗಾಯ ಮಾಯುವುದಿಲ್ಲ ಎಂಬುದು ಹೊಲದಲ್ಲಿ ದುಡಿಯುವ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಹುಡುಗ ಮೂರು ಸಲ ನುಂಗಿದ ಮಾತ್ರೆಗಳು ಮಾಡಿದ್ದು ಅದನ್ನೇ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಇದೇ ತಪ್ಪನ್ನು ಮಾಡಿದ್ದೇನೆ. ಕೀವು ಕಂಡೊಡನೆ ಆಂಟಿಬಯೋಟಿಕ್ ಬರೆದು ಕಳುಹಿಸಿ, ಅದೇ ರೋಗಿ ಅದೇ ಬೆರಳಿನೊಂದಿಗೆ ಮರಳಿ ಬಂದಾಗ ಇನ್ನೂ ಬಲವಾದ ಮಾತ್ರೆ ಬರೆದಿದ್ದೇನೆ. ಆ ರೋಗಿಗಳಿಗೆ ಕೊಟ್ಟ ತೊಂದರೆ ನನ್ನ ಮನಸ್ಸಿನಲ್ಲಿದೆ, ಇವತ್ತಿನ ಈ ಮಾತಿಗೆ ಅದೂ ಒಂದು ಕಾರಣ.

ನಾಟಿದ ಉಗುರು ಆರಂಭದ ಹಂತದಲ್ಲಿದ್ದರೆ, ಅಂದರೆ ಬರಿಯ ಕೆಂಪು ಮತ್ತು ನೋವು ಇದ್ದು ದುರ್ಮಾಂಸ ಬೆಳೆದಿಲ್ಲವಾದರೆ, ಶಸ್ತ್ರಚಿಕಿತ್ಸೆ ಇಲ್ಲದೆ ಸರಿಮಾಡಬಹುದು. ಕಾಲನ್ನು ಬೆಚ್ಚನೆಯ ನೀರಿನಲ್ಲಿ 15 ನಿಮಿಷ ಇಟ್ಟು ಉಗುರು ಮೆತ್ತಗಾದ ಮೇಲೆ, ಹತ್ತಿಯ ಸಣ್ಣ ಎಳೆಯನ್ನು ಹೊಸೆದು ಉಗುರಿನ ಮೂಲೆಯ ಕೆಳಗೆ ಮೆಲ್ಲನೆ ಸೇರಿಸಬೇಕು. ಮೂಲೆ ಮಾಂಸದಿಂದ ಸ್ವಲ್ಪ ಮೇಲೇಳುತ್ತದೆ. ಹತ್ತಿಯನ್ನು ದಿನವೂ ಬದಲಿಸಬೇಕು, ಉಗುರಿನ ಮೂಲೆ ಮಾಂಸವನ್ನು ದಾಟಿ ಮುಂದೆ ಬರುವವರೆಗೆ ಇದನ್ನು ಬಿಡಬಾರದು. ಕಾಲಿನ ಹೆಬ್ಬೆರಳಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಮಾತ್ರ ಬೆಳೆಯುವುದರಿಂದ ಇದಕ್ಕೆ ಕೆಲವು ವಾರಗಳಿಂದ ಎರಡು ಮೂರು ತಿಂಗಳು ಹಿಡಿಯುತ್ತದೆ. ಒಂದೇ ವಾರಕ್ಕೆ ಬೇಸತ್ತು ಮತ್ತೆ ಬ್ಲೇಡು ಕೈಗೆತ್ತಿಕೊಳ್ಳುವುದರಿಂದಲೇ ಈ ಉಪಾಯ ಹೆಚ್ಚಾಗಿ ಸೋಲುತ್ತದೆ. ಇನ್ನೊಂದು ಉಪಾಯವೆಂದರೆ ಅಂಟುವ ಪಟ್ಟಿಯಿಂದ ಪಕ್ಕದ ಮಾಂಸವನ್ನು ಉಗುರಿನಿಂದ ದೂರಕ್ಕೆ ಎಳೆದು ಕಟ್ಟುವುದು. ಬೆವರುವ ಕಾಲಿಗೆ ನಮ್ಮ ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಪಟ್ಟಿ ನಿಲ್ಲುವುದು ಕಷ್ಟ.

ಈ ಹುಡುಗನ ಕಾಲು ಆ ಹಂತವನ್ನು ದಾಟಿತ್ತು. ಅವನಿಗೆ ಮಾಡಿದ್ದನ್ನು ಹೇಳುತ್ತೇನೆ, ಏಕೆಂದರೆ ಉಗುರು ಪೂರ್ತಿ ಕೀಳುತ್ತಾರೆಂಬ ಭಯದಿಂದ ಎಷ್ಟೋ ಮಕ್ಕಳು ಆಸ್ಪತ್ರೆಗೆ ಬರುವುದೇ ಇಲ್ಲ. ಇಡೀ ಉಗುರು ಕೀಳುವುದು ಈಗ ಸರಿಯಾದ ಚಿಕಿತ್ಸೆಯೂ ಅಲ್ಲ, ಬೇರು ಹಾಗೆಯೇ ಉಳಿಯುವುದರಿಂದ ಹೊಸ ಉಗುರು ಬಂದು ಮತ್ತೆ ನಾಟುವ ಸಾಧ್ಯತೆ ಹೆಚ್ಚು. ಬೆರಳಿಗೆ ಜೋಮು ಬರಿಸಿ, ರಕ್ತ ಬರದಂತೆ ಬುಡದಲ್ಲಿ ಸ್ವಲ್ಪ ಹೊತ್ತು ಬಿಗಿದು ಕಟ್ಟಿ, ನಾಟಿದ ಪಕ್ಕದಲ್ಲಿ ಮೂರ್ನಾಲ್ಕು ಮಿಲಿಮೀಟರ್ ಅಗಲದ ಉಗುರಿನ ಪಟ್ಟಿಯನ್ನು ಮಾತ್ರ ತುದಿಯಿಂದ ಬುಡದವರೆಗೆ ಉದ್ದಕ್ಕೆ ಕತ್ತರಿಸಿ ಹೊರಗೆಳೆದೆ. ಅದರ ಅಂಚಿನಲ್ಲಿ ಚೂಪಾದ ಮುಳ್ಳು ಇತ್ತು. ಅದನ್ನು ಗಾಜ್ ಮೇಲಿಟ್ಟು ತಾಯಿಗೆ ತೋರಿಸಿದೆ, ಅವರು ಬಹಳ ಹೊತ್ತು ಮಾತಿಲ್ಲದೆ ನೋಡಿದರು. ಆಮೇಲೆ ಆ ಪಟ್ಟಿ ಹುಟ್ಟುವ ಬೇರಿನ ಮೂಲೆಗೆ ಗಾಢ ಫಿನಾಲ್ ದ್ರಾವಣದಲ್ಲಿ ಅದ್ದಿದ ಹತ್ತಿಕಡ್ಡಿಯನ್ನು ಒಂದೊಂದು ನಿಮಿಷದಂತೆ ಮೂರು ಸಲ ಒತ್ತಿ ಹಿಡಿದೆ. ಅಷ್ಟು ಭಾಗದ ಬೇರು ಸುಟ್ಟು, ಅಲ್ಲಿ ಮತ್ತೆ ಉಗುರು ಬೆಳೆಯುವುದಿಲ್ಲ. ಕಟ್ಟು ಬಿಚ್ಚಿ, ಬ್ಯಾಂಡೇಜು ಹಾಕಿ, ಅರ್ಧ ಗಂಟೆ ಕೂರಿಸಿ ಮನೆಗೆ ಕಳುಹಿಸಿದೆ.

ಫಿನಾಲ್ ಹಾಕಿದ ಗಾಯ ಎರಡರಿಂದ ನಾಲ್ಕು ವಾರ ನೀರಿನಂತೆ ಸೋರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ರೋಗಿ ಕೀವೆಂದು ತಿಳಿದು ಹೆದರುತ್ತಾನೆ, ಮತ್ತೆ ಯಾರೋ ಮಾತ್ರೆ ಕೊಡುತ್ತಾರೆ. ಸೋರುವುದು ತಿಳಿಯಾಗಿದ್ದು, ನೋವು ದಿನೇ ದಿನೇ ಇಳಿಯುತ್ತಿದ್ದರೆ ಚಿಂತೆ ಇಲ್ಲ. ನೋವು ಇಳಿದು ಮತ್ತೆ ಏರಿದರೆ, ಕೆಂಪು ಪಾದದ ಕಡೆಗೆ ಹಬ್ಬಿದರೆ ಕೂಡಲೇ ಬರಬೇಕು. ಉಗುರಿನ ಅಗಲ ಶಾಶ್ವತವಾಗಿ ಸ್ವಲ್ಪ ಕಡಿಮೆಯಾಗುತ್ತದೆ ಎಂಬುದನ್ನೂ ಮೊದಲೇ ತಿಳಿಸಬೇಕು.

ಆದರೆ ಕೈಯದೆಲ್ಲ ಉಗುರುಸುತ್ತು, ಕಾಲಿನದೆಲ್ಲ ನಾಟಿದ ಉಗುರು ಎಂದು ಗೆರೆ ಎಳೆಯಬೇಡಿ. ಕಾಲಿನ ಬೆರಳಿಗೂ ಮುಳ್ಳು ತಾಗಿ ಉಗುರುಸುತ್ತು ಬರಬಹುದು, ನಾಟಿದ ಉಗುರಿನ ಪಕ್ಕಕ್ಕೆ ಸೋಂಕು ತಗುಲಿದ ಮೇಲೆ ಎರಡೂ ಒಂದೇ ಜಾಗದಲ್ಲಿ ಸೇರಿರುತ್ತವೆ. ಹಾಗಾಗಿ ಬೆರಳು ಯಾವುದು ಎಂದು ನೋಡಿದರೆ ಸಾಲದು. ಉಗುರಿನ ಮುಂದಿನ ಮೂಲೆ ಕಣ್ಣಿಗೆ ಬಿಡಿಯಾಗಿ ಕಾಣುತ್ತದೆಯೋ ಅಥವಾ ಮಾಂಸದೊಳಗೆ ಹೂತುಹೋಗಿದೆಯೋ ನೋಡಿ. ಊತ ಬುಡದ ಕಡೆಗೋ, ಮುಂದಿನ ಮೂಲೆಯ ಕಡೆಗೋ ಕೇಳಿ. ಕೆಲವು ದಿನದ್ದೋ, ಮತ್ತೆ ಮತ್ತೆ ಮರಳುವುದೋ ಕೇಳಿ. ಮೂಲೆ ಹೂತಿದ್ದು, ಪದೇ ಪದೇ ಮರಳುವುದಾದರೆ ಮಾತ್ರೆಯಿಂದ ಅದು ಹೋಗುವುದಿಲ್ಲ.

ನಿಮ್ಮಲ್ಲಿ ಅನೇಕರ ಕೈಯಲ್ಲಿರಬಹುದಾದ ಇನ್ನೊಂದು ರೂಪವಿದೆ, ಅದು ದೀರ್ಘಕಾಲದ ಉಗುರುಸುತ್ತು. ಆರು ವಾರ ಮೀರಿದ್ದನ್ನು ಹೀಗೆ ಕರೆಯುತ್ತೇವೆ. ಇದರಲ್ಲಿ ಬಡಿಯುವ ನೋವಿಲ್ಲ, ಹೆಚ್ಚಾಗಿ ಕೀವೂ ಇಲ್ಲ. ಎರಡು ಮೂರು ಬೆರಳುಗಳ ಬುಡದ ಬದು ದಪ್ಪವಾಗಿ ಉಬ್ಬಿ, ಪೊರೆ ಪೂರ್ತಿ ಮಾಯವಾಗಿ, ಉಗುರಿನ ಮೇಲೆ ಅಡ್ಡಡ್ಡ ಗೆರೆಗಳು ಬಿದ್ದಿರುತ್ತವೆ. ನಾಟಿ ಮಾಡುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳಲ್ಲಿ ಕೈ ನೆನೆಸಿಕೊಂಡು ದುಡಿಯುವವರು ಇದಕ್ಕೆ ಹೆಚ್ಚು ಗುರಿಯಾಗುತ್ತಾರೆ. ಇದನ್ನು ಬಹುಕಾಲ ಬೂಸಿನ ರೋಗ, ಅಂದರೆ ಫಂಗಸ್ ಸೋಂಕು ಎಂದೇ ತಿಳಿದು ತಿಂಗಳುಗಟ್ಟಲೆ ಫಂಗಸ್ ಮಾತ್ರೆ ಕೊಡುತ್ತಿದ್ದರು. ಕ್ಯಾಂಡಿಡಾ ಎಂಬ ಬೂಸು ಅಲ್ಲಿ ಸಿಗುವುದು ನಿಜ, ಆದರೆ ಅದು ತೆರೆದ ಸಂದಿಯಲ್ಲಿ ಆಮೇಲೆ ಬಂದು ನೆಲೆಸಿದ್ದು. ಮೂಲ ಕಾರಣ ನೀರು, ಸಾಬೂನು, ರಾಸಾಯನಿಕಗಳಿಂದ ಚರ್ಮ ಕೆರಳಿರುವುದು. 2002ರಲ್ಲಿ ಇಟಲಿಯ ಚರ್ಮವೈದ್ಯರು ಪ್ರಕಟಿಸಿದ ಒಂದು ಹೋಲಿಕೆಯ ಅಧ್ಯಯನದಲ್ಲಿ ಫಂಗಸ್ ಮಾತ್ರೆಗಳಿಗಿಂತ ಹಚ್ಚುವ ಸ್ಟಿರಾಯ್ಡ್ ಮುಲಾಮು ಹೆಚ್ಚು ಗುಣ ಕೊಟ್ಟಿತು. ಆದರೆ ಅದನ್ನು ವೈದ್ಯರು ನೋಡಿ ಹೇಳಿದಷ್ಟು ವಾರ ಮಾತ್ರ ಹಚ್ಚಬೇಕು. ತೀವ್ರ ಉಗುರುಸುತ್ತಿಗೆ, ಕೀವಿರುವ ಬೆರಳಿಗೆ ಅದನ್ನು ಹಚ್ಚಿದರೆ ಸೋಂಕು ಏರುತ್ತದೆ.

ಮುಲಾಮಿಗಿಂತ ಮುಖ್ಯವಾದದ್ದು ಕೈ ಒಣಗಿರುವುದು. ಪಾತ್ರೆ ತೊಳೆಯುವಾಗ ಒಳಗೆ ಹತ್ತಿಯ ಕೈಗವಸು, ಮೇಲೆ ರಬ್ಬರ್ ಕೈಗವಸು ಹಾಕಿಕೊಳ್ಳಿ ಎನ್ನುತ್ತೇವೆ. ಬರಿಯ ರಬ್ಬರ್ ಹಾಕಿದರೆ ಒಳಗೆ ಬೆವರಿ ಮತ್ತೆ ನೆನೆಯುತ್ತದೆ. ನಾಟಿಯಲ್ಲಿ ಕೈಗವಸು ಹಾಕಿಕೊಂಡು ಸಸಿ ಎಣಿಸಿ ಊರಲು ಆಗುವುದಿಲ್ಲ ಎಂದು ನೀವೇ ನನಗೆ ಹೇಳಿದ್ದೀರಿ, ಅದನ್ನು ಒಪ್ಪುತ್ತೇನೆ. ಗದ್ದೆಗೆ ಇಳಿಯುವ ಮೊದಲು ಉಗುರಿನ ಬುಡಕ್ಕೆ ವ್ಯಾಸಲಿನ್ ದಪ್ಪಗೆ ಹಚ್ಚಿ, ಬುತ್ತಿ ಬಿಚ್ಚುವ ಹೊತ್ತಿಗೆ ಕೈ ತೊಳೆದು ಒರೆಸಿ ಮತ್ತೊಮ್ಮೆ ಹಚ್ಚಿ, ಸಂಜೆ ಪೂರ್ತಿ ಒಣಗಿಸಿ. ಕಳೆದುಹೋದ ಪೊರೆ ಮತ್ತೆ ಅಂಟಿಕೊಳ್ಳಲು ಸುಮಾರು ಮೂರು ತಿಂಗಳು ಬೇಕು. ನಾಟಿ ಮುಗಿದ ಮೇಲಿನ ದಿನಗಳಲ್ಲೇ ಈ ಚಿಕಿತ್ಸೆ ಶುರುಮಾಡಿದರೆ ಮುಂದಿನ ಹಂಗಾಮಿಗೆ ಮುಚ್ಚಳ ಸಿದ್ಧವಾಗಿರುತ್ತದೆ.

ಆಶಾ ಕಾರ್ಯಕರ್ತೆಯರು ಕಾಯದೆ ಆಸ್ಪತ್ರೆಗೆ ಕಳುಹಿಸಬೇಕಾದ ಕೆಲವು ಬೆರಳುಗಳಿವೆ. ಬೆರಳಿನ ಒಳಭಾಗದ ಮೆತ್ತನೆಯ ತುದಿ ಕಲ್ಲಿನಂತೆ ಗಟ್ಟಿಯಾಗಿ ಊದಿದ್ದರೆ ಕೀವು ಉಗುರಿನ ಪಕ್ಕ ಬಿಟ್ಟು ಆಳಕ್ಕೆ ಇಳಿದಿದೆ, ಮೂಳೆಗೆ ಅಪಾಯವಿದೆ. ಇಡೀ ಬೆರಳು ಊದಿ, ಅರ್ಧ ಮಡಚಿಕೊಂಡೇ ಇದ್ದು, ನೀವು ನೇರ ಮಾಡಲು ಹೋದರೆ ರೋಗಿ ಕಿರುಚಿದರೆ ಸೋಂಕು ಸ್ನಾಯುರಜ್ಜುವಿನ ಕೊಳವೆಗೆ ಹೊಕ್ಕಿದೆ, ಅದು ಅದೇ ದಿನ ನೋಡಬೇಕಾದ ತುರ್ತು. ಕೆಂಪು ಗೆರೆ ಕೈ ಮೇಲೆ ಏರುತ್ತಿದ್ದರೆ, ಚಳಿಜ್ವರ ಬಂದಿದ್ದರೆ ಅದೂ ಹಾಗೆಯೇ. ಮಗುವಿನ ಬೆರಳಿನಲ್ಲಿ ತಿಳಿನೀರು ತುಂಬಿದ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದಿದ್ದು, ಬಾಯಲ್ಲೂ ಹುಣ್ಣು ಇದ್ದರೆ ಅದು ಹರ್ಪಿಸ್ ವೈರಸ್ ಇರಬಹುದು. ಅದನ್ನು ಎಂದೂ ಕೊಯ್ಯಬಾರದು. ಸಕ್ಕರೆ ಕಾಯಿಲೆ ಇರುವವರ ಕಾಲಿನಲ್ಲಿ ಸ್ಪರ್ಶ ಹೋಗಿರುವುದರಿಂದ ಉಗುರು ಎಷ್ಟು ಆಳ ನಾಟಿದ್ದರೂ ನೋವು ತಿಳಿಯದೆ ಇರಬಹುದು, ಅವರ ಬೆರಳನ್ನು ನೋವಿನಿಂದ ಅಳೆಯದೆ ಕಣ್ಣಿನಿಂದ ನೋಡಿ. ವಯಸ್ಸಾದವರಲ್ಲಿ ಉಗುರಿನ ಪಕ್ಕದ ದುರ್ಮಾಂಸ ಸರಿಯಾದ ಚಿಕಿತ್ಸೆಯ ನಂತರವೂ ಮಾಯದಿದ್ದರೆ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಲು ಅದರ ತುಣುಕನ್ನು ಪರೀಕ್ಷೆಗೆ ಕಳುಹಿಸಬೇಕಾಗುತ್ತದೆ.

ಮಾತು ಮುಗಿದ ಮೇಲೆ ಒಬ್ಬ ಆಶಾ ಕಾರ್ಯಕರ್ತೆ ಎದ್ದು, “ಸರ್, ಸೂಜಿ ಬೆಂಕ್ಯಾಗ ಕಾಸಿ ಮನ್ಯಾಗ ಕೀವು ತಗೀತಾರ್ರೀ, ಹಂಗ ಮಾಡಬೌದೇನ್ರೀ?” ಎಂದು ಕೇಳಿದರು. ಮುಳ್ಳು ತೆಗೆಯುವಲ್ಲಿ ಪಳಗಿದ ಕೈಗಳು ಅವು, ಪ್ರಶ್ನೆ ಸಹಜ. ಮುಳ್ಳಿನ ತುದಿ ಕಣ್ಣಿಗೆ ಕಾಣುತ್ತದೆ, ಕೀವಿನ ತಳ ಕಾಣುವುದಿಲ್ಲ. ಸೂಜಿಯನ್ನು ಮೇಲಿನಿಂದ ನೇರವಾಗಿ ಚುಚ್ಚಿದರೆ ಕೀವಿನ ಒಂದು ಹನಿ ಬರಬಹುದು, ಆದರೆ ಕೆಳಗೆ ಒಂದೆರಡು ಮಿಲಿಮೀಟರ್‌ನಲ್ಲಿ ಉಗುರಿನ ಬೇರಿದೆ, ಅದರ ಕೆಳಗೆ ಮೂಳೆ ಇದೆ, ಸೂಜಿ ಸೋಂಕನ್ನು ಅಲ್ಲಿಗೇ ಇಳಿಸುತ್ತದೆ. ಬಿಸಿನೀರಿನಲ್ಲಿ ಇಟ್ಟಾಗ ತಾನೇ ಒಡೆದರೆ ಒರೆಸಿ, ಮುಲಾಮು ಹಚ್ಚಿ, ಸ್ವಚ್ಛ ಬಟ್ಟೆ ಸುತ್ತಿ. ಒಡೆಯದೆ ಹಳದಿ ಕಂಡರೆ, ಅಥವಾ ಎರಡು ದಿನದ ಉಪಚಾರಕ್ಕೂ ಬಡಿತ ನಿಲ್ಲದಿದ್ದರೆ, ಸೂಜಿ ಕಾಸುವ ಬದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಬನ್ನಿ ಎಂದೆ.

ಇನ್ನೊಬ್ಬರು ಕಾಲಿನ ಉಗುರನ್ನು ಹೇಗೆ ಕತ್ತರಿಸಬೇಕೆಂದು ಕೇಳಿದರು. ಸ್ನಾನವಾದ ಮೇಲೆ, ಉಗುರು ಮೆತ್ತಗಿರುವಾಗ, ನೇಲ್ ಕಟರ್‌ನಿಂದ ಅಡ್ಡಕ್ಕೆ ನೇರವಾಗಿ, ಬೆರಳಿನ ತುದಿಯ ಮಟ್ಟಕ್ಕೆ ಕತ್ತರಿಸಬೇಕು. ಎರಡೂ ಮೂಲೆಗಳು ಪಕ್ಕದ ಮಾಂಸದ ಮುಂದೆ ಕಣ್ಣಿಗೆ ಕಾಣುವಂತೆ ಉಳಿಯಬೇಕು. ಮೂಲೆ ಚುಚ್ಚುತ್ತದೆ ಎನಿಸಿದರೆ ಅದನ್ನು ಉಜ್ಜಿ ನುಣುಪು ಮಾಡಬಹುದು, ಕೆದಕಿ ತೆಗೆಯಬಾರದು. ಆ ಹುಡುಗ ಆರು ತಿಂಗಳ ನಂತರ ಬಂದಾಗ ಎಡಗಾಲಿನ ಹೆಬ್ಬೆರಳನ್ನೂ ಚಾಚಿ ತೋರಿಸಿದ. ಅದರ ಎರಡೂ ಮೂಲೆಗಳು ಮಾಂಸ ಬಿಟ್ಟು ಹೊರಗೆ ನೇರವಾಗಿ ನಿಂತಿದ್ದವು.